ಕಾಣದ ಜಿಂಕೆಗಳ ಲೆಕ್ಕ

ಎಂಬತ್ತರ ದಶಕದ ನಡುವಿನಲ್ಲಿ, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಕಾವಲಿನಲ್ಲಿ ಜಿಂಕೆಗಳ ಸಂಖ್ಯೆ ತಿಳಿಯುವ ಕೆಲಸ ನನಗೆ ಸಿಕ್ಕಿತು. ಆಗಷ್ಟೇ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದೆ. ನಮ್ಮ ಊರು ಹಾಲ್ಕುರಿಕೆಯ ಹತ್ತಿರ. ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಮನೆ ತುಂಬ ದನ. ನಮ್ಮ ಕುಟುಂಬದಲ್ಲಿ ಹೆಣ್ಣುಮಕ್ಕಳು ಓದಿದ್ದರೂ, ಓದಿದ್ದಕ್ಕೆ ಬಿಸಿಲಲ್ಲಿ ಕಾವಲು ಸುತ್ತಿದವರು ಯಾರೂ ಇರಲಿಲ್ಲ. ನಾನು ಸುತ್ತಿದೆ, ಮೂರು ಬೇಸಿಗೆ ಸುತ್ತಿದೆ. ಆ ಕೆಲಸವನ್ನು ನೆನೆದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಕಾವಲು ಅಂದರೆ ಹಿಂದೆ ಅರಸರ ಕಾಲದಲ್ಲಿ ದನ ಮೇಯಿಸಲು ಬಿಟ್ಟಿದ್ದ ದೊಡ್ಡ ಹುಲ್ಲುಗಾವಲು. ಮರ ಅಪರೂಪ. ಅಲ್ಲೊಂದು ಇಲ್ಲೊಂದು ಜಾಲಿ, ಬಂದರಿಕೆ ಪೊದೆ, ಉಳಿದದ್ದೆಲ್ಲ ಹುಲ್ಲು. ಆ ಹುಲ್ಲಿನಲ್ಲಿ ಕೃಷ್ಣಮೃಗಗಳಿದ್ದವು. ಸುತ್ತಲ ಹಳ್ಳಿಯವರು ಅವನ್ನು ಬರೀ ಜಿಂಕೆ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವು ಎಷ್ಟಿವೆ ಎಂಬುದೇ ಆಗಿನ ಜಗಳ. ಹುರುಳಿ ಹೊಲದವರು ಲೆಕ್ಕವಿಲ್ಲದಷ್ಟು ಇವೆ ಅನ್ನುತ್ತಿದ್ದರು. ಅರಣ್ಯ ಇಲಾಖೆಯವರು ಜೀಪಿನಲ್ಲಿ ಒಂದು ಸುತ್ತು ಹಾಕಿ, ಕಂಡದ್ದನ್ನು ಎಣಿಸಿ, ಇರುವುದು ಬೆರಳೆಣಿಕೆಯಷ್ಟು ಎಂದು ಬರೆದುಕೊಂಡಿದ್ದರು. ಜಿಂಕೆ ಇಲ್ಲದ ಮೇಲೆ ಇಡೀ ಕಾವಲಿಗೆ ನೀಲಗಿರಿ ಹಾಕಿಬಿಡೋಣ ಎನ್ನುವ ಯೋಜನೆ ತಯಾರಾಗಿತ್ತು. ನೀಲಗಿರಿ ಎದ್ದರೆ ಹುಲ್ಲು ಹೋಗುತ್ತದೆ, ಬಯಲಿನಲ್ಲಿ ದೂರ ನೋಡಿ ಓಡಿ ಬದುಕುವ ಆ ಪ್ರಾಣಿಗೆ ಮತ್ತೆ ಜಾಗವಿರುವುದಿಲ್ಲ.

ಆ ವಲಯದ ರೇಂಜರ್ ಸಾಹೇಬರು ಐವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ನಮ್ಮ ಕೆಲಸಕ್ಕೆ ಅನುಮತಿ ಕೊಟ್ಟರು, ಜೊತೆಗೆ ಶೆಟ್ಟಿಕೆರೆ ಕಡೆಯ ಒಬ್ಬ ಗಾರ್ಡನ್ನು ಕೊಟ್ಟರು. ಆ ಗಾರ್ಡ್ ಮದುವೆಯಾದ ಹೆಣ್ಣುಮಕ್ಕಳಿದ್ದ ಹಿರಿಯರು. ನನ್ನನ್ನು ತಾಯೀ ಎಂದೇ ಕರೆಯುತ್ತಿದ್ದರು. ನಾನು ಶೆಟ್ಟಿಕೆರೆಯಲ್ಲಿ ಅತ್ತೆಯ ಮನೆಯಲ್ಲಿ ಉಳಿದುಕೊಂಡು, ಬೆಳಗಿನ ಬಸ್ಸು ಹಿಡಿದು ಕಾವಲಿನ ಅಂಚಿಗೆ ಇಳಿಯುತ್ತಿದ್ದೆ.

ನಮ್ಮ ವಿಧಾನ ಹೇಳುವುದಕ್ಕೆ ಸುಲಭ. ಕಾವಲಿನ ಮೇಲೆ ನೇರ ಗೆರೆಗಳನ್ನು ಹಾಕಿಕೊಳ್ಳುವುದು, ಆ ಗೆರೆಯ ಮೇಲೇ ನಿಧಾನವಾಗಿ ನಡೆಯುವುದು. ಜಿಂಕೆಯ ಹಿಂಡು ಕಂಡರೆ ಅಲ್ಲೇ ನಿಂತು, ಅದು ಎಷ್ಟು ದೂರದಲ್ಲಿದೆ, ನಮ್ಮ ಗೆರೆಗೆ ಎಷ್ಟು ಕೋನದಲ್ಲಿದೆ ಎಂದು ಅಳೆಯುವುದು. ದೂರಕ್ಕೆ ಕಣ್ಣಿಗಿಟ್ಟುಕೊಂಡು ತಿರುಗಿಸುವ ಒಂದು ಉಪಕರಣವಿತ್ತು, ಕೋನಕ್ಕೆ ದಿಕ್ಸೂಚಿ. ಇವೆರಡರಿಂದ, ಹೈಸ್ಕೂಲಿನಲ್ಲಿ ಕಲಿತ ಸೈನ್ ಲೆಕ್ಕ ಹಾಕಿದರೆ, ಹಿಂಡು ನಮ್ಮ ಗೆರೆಯಿಂದ ಅಡ್ಡಕ್ಕೆ ಎಷ್ಟು ದೂರದಲ್ಲಿತ್ತು ಅನ್ನುವುದು ಸಿಗುತ್ತದೆ. ನಮಗೆ ಬೇಕಾದ್ದು ಆ ಅಡ್ಡದೂರ. ಗೆರೆಯ ಹತ್ತಿರದ್ದು ಯಾವುದೂ ಕಣ್ಣು ತಪ್ಪುವುದಿಲ್ಲ. ದೂರ ಹೋದಂತೆಲ್ಲ ತಪ್ಪುವುದು ಹೆಚ್ಚಾಗುತ್ತದೆ. ಎಷ್ಟು ದೂರಕ್ಕೆ ಎಷ್ಟು ತಪ್ಪುತ್ತದೆ ಎಂದು ಗೊತ್ತಾದರೆ, ಕಂಡದ್ದರಿಂದ ಕಾಣದ್ದರ ಅಂದಾಜು ಮಾಡಬಹುದು.

ಮೊದಲ ಬೇಸಿಗೆಯಲ್ಲಿ ಕಾವಲಿನೊಳಗೆ ಹೋಗುವ ಗಾಡಿದಾರಿಗಳನ್ನೇ ಗೆರೆ ಮಾಡಿಕೊಂಡಿದ್ದೆವು. ನಡೆಯಲು ಸಲೀಸು, ಮುಳ್ಳಿಲ್ಲ, ದಾರಿ ತಪ್ಪುವ ಭಯವಿಲ್ಲ. ಬೇಸಿಗೆ ಮುಗಿದು ಅಳತೆಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಕಂಬಗಳ ಹಾಗೆ ಬಿಡಿಸಿದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಗೆರೆಯ ಪಕ್ಕದ ಕಂಬ ಎಲ್ಲಕ್ಕಿಂತ ಎತ್ತರವಿರಬೇಕು, ಇಲ್ಲವೇ ಪಕ್ಕದ್ದಕ್ಕೆ ಸಮನಾದರೂ ಇರಬೇಕು. ನನ್ನ ಹಾಳೆಯಲ್ಲಿ ಅದೇ ಎಲ್ಲಕ್ಕಿಂತ ಗಿಡ್ಡಗಿತ್ತು. ಸ್ವಲ್ಪ ಆಚೆಗೆ ಕಂಬಗಳು ಎದ್ದು, ಮತ್ತೆ ಇಳಿಯುತ್ತಿದ್ದವು.

ಒಂದು ವಾರ ಅದನ್ನೇ ನೋಡಿದೆ. ಆಮೇಲೆ ಕಾರಣ ಹೊಳೆಯಿತು. ಗಾಡಿದಾರಿಯಲ್ಲಿ ಜನ ಓಡಾಡುತ್ತಾರೆ, ದನ ಹೊಡೆಯುತ್ತಾರೆ, ನಾಯಿಗಳು ಜೊತೆಗಿರುತ್ತವೆ. ಜಿಂಕೆಗಳು ದಾರಿಯ ಪಕ್ಕದಲ್ಲಿ ಮೇಯುವುದೇ ಇಲ್ಲ. ಜೊತೆಗೆ, ನಾವು ನೋಡುವ ಮೊದಲೇ ಅವು ನಮ್ಮನ್ನು ನೋಡಿ ಸರಿದುಬಿಟ್ಟಿರುತ್ತವೆ. ಜಿಂಕೆ ಎಲ್ಲಿ ಮೇಯುತ್ತದೆ ಅನ್ನುವುದಕ್ಕೂ ನಮ್ಮ ಗೆರೆ ಎಲ್ಲಿದೆ ಅನ್ನುವುದಕ್ಕೂ ಸಂಬಂಧವೇ ಇರಬಾರದು. ನಾವು ಗೆರೆಯನ್ನು ಅವು ಹೆದರುವ ಜಾಗದಲ್ಲೇ ಹಾಕಿದ್ದೆವು.

ಬೆಂಗಳೂರಿಗೆ ಹೋಗಿ ನನ್ನ ಮಾರ್ಗದರ್ಶಕರ ಮುಂದೆ ಹಾಳೆ ಇಟ್ಟೆ. ದಾರಿ ಹಿಡಿದು ನಡೆದ ಈ ಅಳತೆಗಳಿಂದ ಜಿಂಕೆಯ ಸಂಖ್ಯೆ ಹೇಳಿದರೆ ತೀರಾ ಕಡಿಮೆ ಬರುತ್ತದೆ, ಇದನ್ನು ಬಿಡಬೇಕು, ಮತ್ತೆ ನಡೆಯಬೇಕು ಎಂದೆ. ಅವರು ಬಹಳ ಹೊತ್ತು ಹಾಳೆ ನೋಡಿದರು. ಇದನ್ನು ನಾನು ಹೇಳಬೇಕಾಗಿತ್ತು, ನೀನೇ ಕಂಡುಕೊಂಡೆ ಎಂದರು. ಹೊಗಳಿಕೆಯ ವಿಷಯದಲ್ಲಿ ತುಂಬಾ ಬಿಗಿಯಾಗಿದ್ದ ಮನುಷ್ಯ ಅವರು. ವಾಪಸ್ ಬರುವಾಗ ರೈಲಿನಲ್ಲಿ ತಿಪಟೂರಿನವರೆಗೂ ಆ ಒಂದು ಮಾತನ್ನೇ ಮೆಲುಕು ಹಾಕಿದೆ.

ಎರಡನೆಯ ಬೇಸಿಗೆಯಲ್ಲಿ ದಾರಿ ಬಿಟ್ಟೆವು. ಕಾವಲಿನ ನಕ್ಷೆಯ ಮೇಲೆ ಸಮಾನ ಅಂತರದ ಗೆರೆಗಳನ್ನು ಎಳೆದು, ಮೊದಲ ಗೆರೆ ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡಿದೆವು. ಗೆರೆ ಹಳ್ಳಕ್ಕೆ ಬಂದರೆ ಹಳ್ಳ ಇಳಿದೆವು, ಮುಳ್ಳುಪೊದೆಗೆ ಬಂದರೆ ಕುಡುಗೋಲಿನಲ್ಲಿ ಸ್ವಲ್ಪ ಬಿಡಿಸಿಕೊಂಡು ನುಗ್ಗಿದೆವು. ನಾನು ಸೀರೆ ಬಿಟ್ಟು ಅಣ್ಣನ ಹಳೆಯ ಪ್ಯಾಂಟು ಹಾಕಿಕೊಂಡೆ. ಅತ್ತೆ ಮೊದಲ ದಿನ ಮುಖ ತಿರುಗಿಸಿಕೊಂಡರು, ಎರಡನೆಯ ದಿನ ಹರಿದ ಮೊಣಕಾಲಿಗೆ ತೇಪೆ ಹಾಕಿಕೊಟ್ಟರು. ಹಿಂಡು ಕಂಡ ತಕ್ಷಣ, ಅದು ಹೆಜ್ಜೆ ಕೀಳುವ ಮೊದಲು ಎಲ್ಲಿತ್ತೋ ಆ ಜಾಗಕ್ಕೇ ಅಳತೆ. ಓಡಿದ ಮೇಲೆ ನಿಂತ ಜಾಗಕ್ಕಲ್ಲ. ಗಾರ್ಡ್ ಒಂದು ಪೊದೆಯನ್ನೋ ಕಲ್ಲನ್ನೋ ಗುರುತಿಟ್ಟುಕೊಳ್ಳುತ್ತಿದ್ದರು, ನಾನು ಅದಕ್ಕೆ ಉಪಕರಣ ಹಿಡಿಯುತ್ತಿದ್ದೆ. ದೊಡ್ಡ ಹಿಂಡು ದೂರದಿಂದಲೂ ಕಾಣುತ್ತದೆ, ಒಂಟಿ ಹೆಣ್ಣು ಹುಲ್ಲಿನಲ್ಲಿ ಮಲಗಿದ್ದರೆ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಹಾಗಾಗಿ ಹಿಂಡಿನ ಗಾತ್ರವನ್ನೂ ಬರೆದುಕೊಳ್ಳುತ್ತಿದ್ದೆವು.

ಈ ಸಲ ಕಂಬಗಳು ಹೇಗಿರಬೇಕೋ ಹಾಗೆ ಬಂದವು. ಗೆರೆಯ ಹತ್ತಿರ ಎತ್ತರ, ಸ್ವಲ್ಪ ದೂರ ಸಮ, ಆಮೇಲೆ ನಿಧಾನವಾದ ಇಳಿಜಾರು. ಲೆಕ್ಕ ಹಾಕಿದರೆ ಜಿಂಕೆಗಳ ಸಂಖ್ಯೆ ಇಲಾಖೆಯ ಸಂಖ್ಯೆಗಿಂತ ಎಷ್ಟೋ ಹೆಚ್ಚು ಬಂತು. ಹುರುಳಿ ಹೊಲದವರು ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ.

ರೇಂಜರ್ ಸಾಹೇಬರ ಕಚೇರಿಗೆ ಹೋಗಿ ವಿಷಯ ತಿಳಿಸಿದೆ. ಅವರು ಪೂರ್ತಿ ಕೇಳಿದರು. ಕೋಪವಿರಲಿಲ್ಲ, ನಗೆಯೂ ಇರಲಿಲ್ಲ.

"ನೀವು ನೋಡಿದ್ದು ಇಷ್ಟು. ಇದೆ ಅನ್ನೋದು ಅದರ ಎರಡು ಪಟ್ಟು. ನೋಡದೆ ಇರೋದನ್ನ ನಾನು ಮೇಲಿನವರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಮ್ಮ?" ಎಂದರು.

ನ್ಯಾಯವಾದ ಪ್ರಶ್ನೆಯೇ. ಸಹಿ ಹಾಕುವವರು ಅವರು. ಜಿಂಕೆಗಳನ್ನೆಲ್ಲ ಒಟ್ಟುಗೂಡಿಸಿ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ. ನಿಜವಾದ ಸಂಖ್ಯೆ ಯಾರಿಗೂ ಗೊತ್ತಿಲ್ಲದ ಕಡೆ ನನ್ನ ಅಂದಾಜು ಸರಿ ಎಂದು ಸಾಧಿಸುವುದು ಹೇಗೆ? ಆ ಭಾನುವಾರ ಊರಿಗೆ ಹೋದಾಗ, ಕಾಯಿ ಸುಲಿಯುವ ಕಣದಲ್ಲಿ ಅಪ್ಪನ ಪಕ್ಕ ಕೂತು ಇದನ್ನೇ ಹೇಳುತ್ತಿದ್ದೆ. ಹಿಂದೆ ಕಾಯಿಯಿಂದ ಸುಲಿದ ಮಟ್ಟೆಯ ಗುಡ್ಡೆ ಬಿದ್ದಿತ್ತು. ಒಣಗಿದ ತೆಂಗಿನ ಮಟ್ಟೆಗೂ ಕಾವಲಿನ ಒಣಹುಲ್ಲಿಗೂ ಒಂದೇ ಬಣ್ಣ. ನೋಡುತ್ತಿದ್ದ ಹಾಗೇ ಉಪಾಯ ಬಂತು. ನಿಜವಾದ ಸಂಖ್ಯೆ ಒಬ್ಬರಿಗೆ ಮಾತ್ರ ಗೊತ್ತಿರುವ ಹಾಗೆ ಮಾಡಬೇಕು. ಆ ಒಬ್ಬರು ಬಾಯಿ ಬಿಡಬಾರದು.

ಅಪ್ಪನಿಗೆ ವಿವರಿಸಿದೆ. ಮಟ್ಟೆಯ ಹೋಳುಗಳನ್ನು ಕಾವಲಿನ ಒಂದು ತುಂಡಿನಲ್ಲಿ ಮನಸ್ಸಿಗೆ ಬಂದ ಕಡೆ ಎಸೆದು ಬರಬೇಕು, ಎಷ್ಟು ಎಂದು ನನಗೂ ಹೇಳಬಾರದು. ಅಪ್ಪ ಕುತೂಹಲದಿಂದ ಕೇಳಿದರು. ಪೊದೆಯ ಬುಡದಲ್ಲಿ ಹುಗಿದಿಟ್ಟರೆ ಆಗುತ್ತದೆಯೇ ಎಂದು ವಿಚಾರಿಸಿದರು. ಅದೊಂದು ಆಗದು ಎಂದೆ. ನಡೆಯುವವರ ಕಾಲ ಬುಡದಲ್ಲೇ ಇರುವುದು ಖಂಡಿತ ಕಾಣಬೇಕು, ಇಡೀ ಲೆಕ್ಕ ನಿಂತಿರುವುದು ಆ ನಂಬಿಕೆಯ ಮೇಲೆ. ಉಳಿದಂತೆ ಹುಲ್ಲಿನಲ್ಲಿ ಎಲ್ಲಿ ಬೇಕಾದರೂ ಬೀಳಲಿ. ಅಪ್ಪ ಸ್ವಲ್ಪ ನಿರಾಸೆಯಿಂದ ಒಪ್ಪಿದರು.

ಮುಂದಿನ ವಾರ ಅಪ್ಪ ಎತ್ತಿನ ಗಾಡಿಯಲ್ಲಿ ಮಟ್ಟೆ ಹೇರಿಸಿಕೊಂಡು ಬಂದರು. ಮೂಲೆಗಳಿಗೆ ಕೋಲು ನೆಟ್ಟು ಗುರುತು ಮಾಡಿದ ಜಾಗಕ್ಕೆ ಒಬ್ಬರೇ ಹೋಗಿ ಚೆಲ್ಲಿ ಬಂದರು. ಅಷ್ಟು ಹೊತ್ತೂ ನಾನು, ಗಾರ್ಡ್ ಮತ್ತು ರೇಂಜರ್ ಸಾಹೇಬರು ದಿಬ್ಬದ ಆಚೆ ಹೊಂಗೆ ಮರದ ಕೆಳಗೆ ಬೆನ್ನು ಹಾಕಿ ಕೂತಿದ್ದೆವು. ಅಪ್ಪ ಬಂದ ಮೇಲೆ ಚೀಟಿ ಎತ್ತಿ ಗೆರೆಗಳನ್ನು ಗೊತ್ತುಮಾಡಿದೆ. ಮೊದಲೇ ಮಾಡಿದ್ದರೆ ಅಪ್ಪ ಗೆರೆ ನೋಡಿಕೊಂಡು ಚೆಲ್ಲುವ ಸಾಧ್ಯತೆ ಇತ್ತು. ಉದ್ದಕ್ಕೆ ಹಗ್ಗ ಎಳೆದೆವು.

ಹಗ್ಗದ ಮೇಲೆ ನಡೆದು ಮಟ್ಟೆ ಹುಡುಕುವ ಕೆಲಸವನ್ನು ರೇಂಜರ್ ಸಾಹೇಬರಿಗೇ ಕೊಟ್ಟೆ. ನಿಮ್ಮ ಕಣ್ಣನ್ನೇ ನಂಬಿ ಸಾರ್, ಲೆಕ್ಕ ಮಾತ್ರ ನನ್ನದು ಎಂದೆ. ಅವರು ಕನ್ನಡಕ ಒರೆಸಿಕೊಂಡು ಹೊರಟರು. ಹಗ್ಗ ಬಿಟ್ಟು ಹೋಗುವ ಹಾಗಿಲ್ಲ, ನಿಂತಲ್ಲಿಂದಲೇ ಕೈ ತೋರಿಸಬೇಕು. ಗಾರ್ಡ್ ಟೇಪಿನ ತುದಿಯನ್ನು ಹಗ್ಗಕ್ಕೆ ನೇರವಾಗಿ ಹಿಡಿದರೆ ನಾನು ಮಟ್ಟೆಯವರೆಗೆ ಎಳೆದು ಅಡ್ಡದೂರ ಬರೆಯುತ್ತಿದ್ದೆ. ಪ್ರತಿ ಗೆರೆಯ ಎರಡೂ ಬದಿಗೆ ಹನ್ನೆರಡು ಮೀಟರು ನಮ್ಮ ಪಟ್ಟಿ, ಅದರಾಚೆಗೆ ಕಂಡದ್ದು ಪಕ್ಕದ ಗೆರೆಯ ಪಾಲು. ಹಾಗೆ ಪಟ್ಟಿಗಳು ಒಂದರ ಪಕ್ಕ ಒಂದು ಸೇರಿ ಹೆಚ್ಚುಕಡಿಮೆ ಇಡೀ ಜಾಗವನ್ನು ಮುಚ್ಚುತ್ತಿದ್ದವು. ಅಪ್ಪ ಮರದ ಕೆಳಗಿನಿಂದ ಎದ್ದು ಎದ್ದು ನೋಡುತ್ತಿದ್ದರು. ಸಾಹೇಬರು ಯಾವುದೋ ಮಟ್ಟೆಯನ್ನು ದಾಟಿ ಮುಂದೆ ಹೋದಾಗಲೆಲ್ಲ ಅಪ್ಪನ ಮುಖ ಅರಳುತ್ತಿತ್ತು. ಅದನ್ನು ನೋಡಬಾರದೆಂದು ನಾನು ಬೇಕಂತಲೇ ಆ ಕಡೆಗೆ ತಿರುಗುತ್ತಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ನಡಿಗೆ ಮುಗಿಯಿತು. ಸಾಹೇಬರು ಕಂಡುಹಿಡಿದದ್ದು ನೂರ ಒಂಬತ್ತು ಮಟ್ಟೆ. ಬೆವರು ಒರೆಸಿಕೊಳ್ಳುತ್ತ, ತಪ್ಪಿದ್ದರೆ ಅಲ್ಲೊಂದು ಇಲ್ಲೊಂದು ತಪ್ಪಿರಬೇಕು ಅಷ್ಟೆ ಎಂದರು.

ನಾನು ಮಣ್ಣಿನ ಮೇಲೆ ಕಡ್ಡಿಯಿಂದ ಎರಡೆರಡು ಮೀಟರಿಗೆ ಒಂದರಂತೆ ಮನೆಗಳನ್ನು ಕೊರೆದೆ, ಆರು ಮನೆ. ಯಾವ ದೂರದಲ್ಲಿ ಎಷ್ಟು ಮಟ್ಟೆ ಸಿಕ್ಕಿದವೋ ಅಷ್ಟು ಹರಳು ಇಟ್ಟೆ. ಗೆರೆಗೆ ಅಂಟಿದ ಮನೆಯಲ್ಲಿ ಮೂವತ್ತೊಂದು, ಅದರಾಚೆಯದರಲ್ಲಿ ಇಪ್ಪತ್ತೊಂಬತ್ತು. ಆಮೇಲೆ ಇಪ್ಪತ್ನಾಲ್ಕು, ಹದಿನಾಲ್ಕು, ಎಂಟು. ಕೊನೆಯ ಮನೆಯಲ್ಲಿ ಮೂರೇ ಹರಳು.

"ನೋಡಿ ಸಾರ್," ಎಂದೆ. "ಅಪ್ಪ ಮಟ್ಟೆ ಚೆಲ್ಲುವಾಗ ನಮ್ಮ ಗೆರೆ ಎಲ್ಲಿ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಹತ್ತಿರದ ಮನೆಗೂ ದೂರದ ಮನೆಗೂ ಸುಮಾರು ಒಂದೇ ಸಮ ಬಿದ್ದಿರಬೇಕು. ಹತ್ತಿರದಲ್ಲಿ ಮೂವತ್ತು ಕಂಡು ಕೊನೆಯಲ್ಲಿ ಮೂರು ಕಂಡರೆ, ಅಲ್ಲಿ ಮಟ್ಟೆ ಇಲ್ಲ ಅಂತಲ್ಲ, ಕಣ್ಣಿಗೆ ಸಿಗಲಿಲ್ಲ ಅಂತ."

ಅವರು ಕುಕ್ಕರುಗಾಲಿನಲ್ಲಿ ಕೂತು ಹರಳುಗಳನ್ನು ನೋಡಿದರು. ಮನೆಗೆ ಮೂವತ್ತರ ಹಾಗೆ ಆರು ಮನೆಗೆ ನೂರ ಎಂಬತ್ತು ಎಂದು ತಾವೇ ಬಾಯಿಲೆಕ್ಕ ಹಾಕಿದರು. ನನ್ನ ಕಾಗದದ ಲೆಕ್ಕ ಸ್ವಲ್ಪ ಬೇರೆ ದಾರಿಯದು, ಇಳಿಜಾರಿಗೆ ಒಂದು ಬಾಗಿದ ಗೆರೆ ಹೊಂದಿಸುವುದು. ಉತ್ತರ ಮಾತ್ರ ಅಲ್ಲೇ ಹತ್ತಿರ ಬಂತು. ನೂರ ಎಂಬತ್ತರ ಸುಮಾರು, ನೂರೈವತ್ತಕ್ಕೆ ಕಡಿಮೆಯಿಲ್ಲ, ಇನ್ನೂರಿಪ್ಪತ್ತಕ್ಕೆ ಹೆಚ್ಚಿರಲಾರದು ಎಂದು ಹೇಳಿದೆ. ಹೇಳಿದ ಮೇಲೆ ಅಪ್ಪನ ಕಡೆ ನೋಡಿದೆ.

ಅಪ್ಪ ಅವಸರ ಮಾಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

"ನೂರಾ ತೊಂಬತ್ತೆರಡು ಕಣ್ರೀ ಸ್ವಾಮಿ," ಎಂದರು. "ನಾನೇ ಎಣಿಸಿ ಚೆಲ್ಲಿದ್ದು."

ಸಾಹೇಬರು ಎದ್ದು, ಹಗ್ಗ ಬಿಟ್ಟು ಹುಲ್ಲಿಗೆ ಇಳಿದರು. ನಾವೂ ಹಿಂದೆ ಹೋದೆವು. ನಾಲ್ಕೂ ಜನ ಬಗ್ಗಿ, ಹುಲ್ಲು ಸರಿಸಿ, ಅಂಗುಲ ಅಂಗುಲ ಹುಡುಕಿದೆವು. ಮಟ್ಟೆಗಳು ಸಿಗುತ್ತಾ ಹೋದವು. ಸಾಹೇಬರು ನೋಡಿಕೊಂಡೇ ದಾಟಿ ಹೋಗಿದ್ದ ಜಾಗಗಳಲ್ಲೇ, ಹುಲ್ಲಿನ ನಡುವೆ, ಹುಲ್ಲಿನದೇ ಬಣ್ಣದಲ್ಲಿ ಬಿದ್ದಿದ್ದವು. ಒಂದನ್ನು ಅವರು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಮಟ್ಟೆ ಬಿದ್ದಲ್ಲೇ ಇರುತ್ತದೆ, ಜಿಂಕೆ ಓಡುತ್ತದಲ್ಲ ಎಂದು ಕೇಳಿದರು. ಅದಕ್ಕೇ ಗಾಡಿದಾರಿಯ ಅಳತೆ ಪೂರ್ತಿ ಬಿಟ್ಟೆವು ಎಂದು ಗಾರ್ಡ್ ಉತ್ತರ ಕೊಟ್ಟರು. ದಾರಿಯ ಪಕ್ಕದ ಗಿಡ್ಡ ಕಂಬದ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದರು. ಓಡುವ ಮೊದಲು ಎಲ್ಲಿತ್ತೋ ಅಲ್ಲಿಗೇ ಅಳೆಯುತ್ತೇವೆ ಎಂಬುದನ್ನೂ ಸೇರಿಸಿದರು. ನನಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ.

ಅವತ್ತು ನಾಲ್ವರೂ ಅದೇ ಮರದ ಕೆಳಗೆ ಅಮ್ಮ ಕಟ್ಟಿಕೊಟ್ಟಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಊಟದ ನಡುವೆ ಸಾಹೇಬರು ಅಪ್ಪನಿಗೆ, "ಯಜಮಾನ್ರೇ, ನಿಮ್ಮ ಮಗಳು ನನ್ನ ಕೈಲೇ ನನಗೆ ಪಾಠ ಹೇಳಿಸಿದಳು" ಎಂದರು. ಅಪ್ಪ ತಟ್ಟೆ ನೋಡಿಕೊಂಡೇ ತಲೆಯಾಡಿಸಿದರು. ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ತಾಲ್ಲೂಕು ಕಚೇರಿಯಲ್ಲಿ ಕಾವಲಿನ ವಿಷಯಕ್ಕೆ ಸಭೆ ಸೇರಿತು. ಮೇಲಿನ ಅಧಿಕಾರಿಗಳು, ಸುತ್ತಲ ಹಳ್ಳಿಗಳ ಮುಖಂಡರು ಎಲ್ಲ ಇದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ರೇಂಜರ್ ಸಾಹೇಬರು ಎದ್ದು ನಮ್ಮ ಸಂಖ್ಯೆಯನ್ನು ಹೇಳಿದರು. ಒಂದೇ ಅಂಕಿಯಾಗಿ ಹೇಳಲಿಲ್ಲ. ಇಷ್ಟಕ್ಕೆ ಕಡಿಮೆಯಿಲ್ಲ, ಇಷ್ಟಕ್ಕೆ ಹೆಚ್ಚಿಲ್ಲ ಎಂದು, ಹೇಗೆ ಹೇಳಬೇಕೋ ಹಾಗೆ ಹೇಳಿದರು. ಕಾಣದ್ದನ್ನು ಹೇಗೆ ಎಣಿಸುತ್ತೀರಿ ಎಂದು ಒಬ್ಬರು ಕೇಳಿದರು, ನಾನು ಕೆಲವು ವಾರಗಳ ಹಿಂದೆ ಎದುರಿಸಿದ ಅದೇ ಧಾಟಿ. ಸಾಹೇಬರು ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಸಾಲಾಗಿ ಜೋಡಿಸಿ ಅವರಿಗೆ ವಿವರಿಸತೊಡಗಿದರು. ಅಷ್ಟು ಅಚ್ಚುಕಟ್ಟಾಗಿ ನನ್ನ ಮಾರ್ಗದರ್ಶಕರೂ ಹೇಳುತ್ತಿರಲಿಲ್ಲವೇನೋ. ನಾನು ಕೂತಲ್ಲೇ ಕೂತು ಕೇಳಿದೆ. ಪರೀಕ್ಷೆಗಳಲ್ಲಿ ಬಂದ ಯಾವ ದರ್ಜೆಯೂ ನನಗೆ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ.

ಹುರುಳಿ ಹೊಲದವರಿಗೂ ಆ ಸಂಖ್ಯೆ ಒಂದು ರೀತಿ ಉಪಯೋಗಕ್ಕೆ ಬಂತು. ಜಿಂಕೆ ಇರುವುದೇ ಹೌದಾದರೆ ಅವು ಬೆಳೆ ತಿನ್ನುವುದೂ ಹೌದಲ್ಲ ಎಂದು ಕೇಳಿದರು, ಅಂಚಿನ ಹೊಲಗಳಿಗೆ ಕಾವಲಿನ ಕಡೆಯಿಂದ ಕಂದಕ ತೋಡಿಸುವ ಮಾತಾಯಿತು. ನೀಲಗಿರಿ ಪೂರ್ತಿ ನಿಲ್ಲಲಿಲ್ಲ. ಒಂದು ಪಕ್ಕದಲ್ಲಿ ನೆಟ್ಟರು. ನಡುವಿನ ದೊಡ್ಡ ಬಯಲು ಮಾತ್ರ ಹುಲ್ಲಾಗಿಯೇ ಉಳಿಯಿತು. ಅದು ನನ್ನೊಬ್ಬಳಿಂದ ಆಯಿತು ಅನ್ನುವುದಿಲ್ಲ, ಆದರೆ ನನ್ನಿಂದಲೂ ಆಯಿತು.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಗೆ ಹೋದಾಗಲೆಲ್ಲ ಈ ಕಥೆ ಹೇಳುತ್ತಿದ್ದರಂತೆ. ಒಮ್ಮೆ ನಾನೂ ಜೊತೆಗಿದ್ದೆ. ಹರಾಜು ಮುಗಿದು ಎಲ್ಲ ಟೀ ಕುಡಿಯುತ್ತಿದ್ದಾಗ ಅಪ್ಪನ ಸ್ನೇಹಿತರೊಬ್ಬರು, ಇವಳೇ ಏನಪ್ಪ ಕಾಣದ ಜಿಂಕೆ ಎಣಿಸೋಳು ಎಂದರು. ನಾನು ಎಣಿಸುವುದಲ್ಲ, ಅಂದಾಜು ಮಾಡುವುದು ಎಂದು ತಿದ್ದಲು ಹೊರಟೆ. ಅಪ್ಪ ಕೈ ಅಡ್ಡ ಹಿಡಿದು, "ಹತ್ರದ್ದು ಎಷ್ಟು ಕಾಣ್ತದೆ, ದೂರದ್ದು ಎಷ್ಟು ತಪ್ತದೆ, ಅದ್ನ ತಿಳ್ಕಂಡು ಹೇಳ್ತಾಳೆ ಕಣ್ಲಾ. ಸುಮ್ನೆ ಬಾಯಿಗ್ ಬಂದಂಗಲ್ಲ" ಎಂದರು. ತಿದ್ದುವುದಕ್ಕೆ ನನಗೆ ಏನೂ ಉಳಿಯಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಅಪ್ಪ ಒಂದು ದಿನ ತಾವೂ ಗೆರೆ ನಡೆಯುತ್ತೇನೆಂದು ಬಂದರು. ಮಾತಾಡಬಾರದು, ನಾನು ನಿಂತಾಗ ನಿಲ್ಲಬೇಕು ಎಂದು ಮೊದಲೇ ಹೇಳಿದ್ದೆ. ಹೊಲದಲ್ಲಿ ಸದಾ ಯಾರನ್ನಾದರೂ ಕೂಗಿ ಕರೆಯುತ್ತಲೇ ಇರುವ ಮನುಷ್ಯ, ಅವತ್ತು ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಹಿಂದೆ ಸದ್ದಿಲ್ಲದೆ ನಡೆದರು. ಬಿಸಿಲು ಇನ್ನೂ ಎಳೆಯದಿತ್ತು. ಇಳಿಜಾರಿನ ಕೆಳಗೆ ಒಂದು ಕಪ್ಪು ಗಂಡು, ಅದರ ಸುತ್ತ ಏಳೆಂಟು ಹೆಣ್ಣು ಕಂಡವು. ನಾನು ನಿಂತೆ. ಅವೂ ತಲೆಯೆತ್ತಿ ನಿಂತವು. ದೂರ ಅಳೆದೆ, ದಿಕ್ಸೂಚಿ ನೋಡಿದೆ, ಬರೆದುಕೊಂಡೆ. ಬರೆದು ಮುಗಿಯುವಷ್ಟರಲ್ಲಿ ಅವು ಒಂದರ ಹಿಂದೆ ಒಂದು ನೆಗೆಯುತ್ತ ದಿಬ್ಬ ಹತ್ತಿ ಮರೆಯಾದವು.

ಅಪ್ಪ ಆ ಕಡೆಗೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ದಿನ ಇದನ್ನು ಒಬ್ಬಳೇ ನೋಡಿಕೊಂಡಿದ್ದೆಯಾ ಎಂದು ಪಿಸುಗುಟ್ಟಿದರು. ಹೂಂ ಎಂದೆ. ಗೆರೆ ಇನ್ನೂ ಅರ್ಧ ಉಳಿದಿತ್ತು. ಇಬ್ಬರೂ ಮುಂದೆ ನಡೆದೆವು.